ಮುಂಗಡ ಕೇಳಿದಾಗ ಮೂರು ಕಾಗದಗಳು

ತಿ. ನರಸೀಪುರದ ಭತ್ತದ ರೈತರೊಬ್ಬರು ನಂಜನಗೂಡಿನ ಮಾರಾಟಗಾರರಿಂದ ಪವರ್ ಟಿಲ್ಲರ್ ಕೊಳ್ಳುತ್ತಾರೆಂದು ಭಾವಿಸೋಣ. ಯಂತ್ರದ ಬೆಲೆ 2,00,000 ರೂ.; ಶೇ. 5ರ ಜಿಎಸ್‌ಟಿ 10,000 ರೂ.; ಒಟ್ಟು 2,10,000 ರೂ. ಮಾರಾಟಗಾರರು 50,000 ರೂ. ಮುಂಗಡ ಕೇಳುತ್ತಾರೆ.

ಪ್ರೊಫಾರ್ಮಾ ಇನ್‌ವಾಯ್ಸ್: ಮೊದಲು ಕೈಗೆ ಬರುವ ಕಾಗದ ಇದು. ನೋಡಲು ಬಿಲ್ಲಿನಂತಿದ್ದರೂ ಇದು ದರಪಟ್ಟಿ ಮಾತ್ರ. ಬ್ಯಾಂಕಿನ ಸಾಲದ ಅರ್ಜಿಗೆ ಇದನ್ನು ಲಗತ್ತಿಸಬಹುದು. ಆದರೆ ಹಣ ಸಂದಿತೆಂಬುದಕ್ಕಾಗಲಿ, ಯಂತ್ರ ಮಾರಾಟವಾಯಿತೆಂಬುದಕ್ಕಾಗಲಿ ಇದು ಆಧಾರವಲ್ಲ.

ರಸೀದಿ: 50,000 ರೂ. ಕೊಟ್ಟ ಕೂಡಲೇ ಇದನ್ನು ಪಡೆಯಬೇಕು. 2017ರ ಜಿಎಸ್‌ಟಿ ಕಾಯ್ದೆಯಂತೆ ನೋಂದಾಯಿತ ಮಾರಾಟಗಾರರು ಮುಂಗಡಕ್ಕೆ ರಸೀದಿ ಕೊಡಬೇಕು. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಮೊತ್ತ, ಯಂತ್ರದ ವಿವರ ಹಾಗೂ ಸಹಿ ಇರಬೇಕು. ಪ್ರೊಫಾರ್ಮಾದ ಅಂಚಿನಲ್ಲಿ ‘ಮುಂಗಡ ಬಂದಿದೆ’ ಎಂದು ಗೀಚಿ ಕೊಟ್ಟರೆ ಸಾಲದು. ಯಂತ್ರ ಬಾರದೆ ವ್ಯವಹಾರ ಮುರಿದರೆ ಹಣ ಹಿಂದಕ್ಕೆ ಕೇಳಲು ಈ ರಸೀದಿಯೇ ಆಧಾರ.

ತೆರಿಗೆ ಬಿಲ್ಲು: ಯಂತ್ರ ಅಂಗಡಿಯಿಂದ ಹೊರಡುವಾಗ ಇದನ್ನು ಕೊಡಬೇಕು. ಇದರಲ್ಲಿ ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ಬೆಲೆ ಮತ್ತು ತೆರಿಗೆ ಬೇರೆಬೇರೆಯಾಗಿ ಇರುತ್ತವೆ. ಎಂಜಿನ್ ಸಂಖ್ಯೆಯನ್ನೂ ಬರೆಯಿಸಿ, ಯಂತ್ರದೊಂದಿಗೆ ತಾಳೆ ನೋಡಬೇಕು. ಬಿಲ್ಲು ಪೂರ್ತಿ 2,10,000 ರೂ.ಗೆ ಇರಬೇಕು, ಮುಂಗಡ 50,000 ರೂ. ಕಳೆದು ಬಾಕಿ 1,60,000 ರೂ. ಎಂದು ತೋರಿಸಿರಬೇಕು. ಬಾಕಿ ಹಣಕ್ಕಷ್ಟೇ ಬಿಲ್ಲು ಬರೆದರೆ ಯಂತ್ರದ ನಿಜವಾದ ಬೆಲೆಗೆ ದಾಖಲೆ ಇಲ್ಲದಂತಾಗುತ್ತದೆ. ಅಂತಹ ಬಿಲ್ಲನ್ನು ತಿದ್ದಿಸಿಕೊಂಡ ನಂತರವೇ ಬಾಕಿ ಹಣ ಕೊಡಬೇಕು; ಅದಕ್ಕೂ ರಸೀದಿ ಪಡೆಯಬೇಕು.