ಬಣ್ಣದ ವರದಿಯ ಕಪ್ಪು-ಬಿಳುಪು ಪ್ರತಿ: ನಕ್ಷೆಯ ಅರ್ಥ ಕೆಡದಿರಲು ಅನುಸರಿಸಬೇಕಾದ ಕ್ರಮ

ಸಾರಕ್ಕಿ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಉತ್ಪಾದನಾ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ದುಡಿಯುವ ಬಂಡವಾಳದ ಸಾಲಮಿತಿಯನ್ನು ಹೆಚ್ಚಿಸುವಂತೆ ಕೋರಿ ಘಟಕವು 24 ಪುಟಗಳ ವರದಿಯೊಂದನ್ನು ಸಿದ್ಧಪಡಿಸಿದೆ. ಬ್ಯಾಂಕಿನ ಅಧಿಕಾರಿಗಳಿಗೆ ಹಾಗೂ ಪಾಲುದಾರರಿಗೆ ಒಟ್ಟು 10 ಪ್ರತಿಗಳು ಬೇಕು. ಜೆರಾಕ್ಸ್ ಅಂಗಡಿಯ ದರವು ಬಣ್ಣದ ಪುಟಕ್ಕೆ 10 ರೂಪಾಯಿ, ಕಪ್ಪು-ಬಿಳುಪಿಗೆ 2 ರೂಪಾಯಿ ಎಂದು ಇಟ್ಟುಕೊಂಡರೆ, 240 ಪುಟಗಳಿಗೆ ಮೊದಲನೆಯದರಲ್ಲಿ 2,400 ರೂಪಾಯಿ, ಎರಡನೆಯದರಲ್ಲಿ 480 ರೂಪಾಯಿ ತಗಲುತ್ತದೆ. ಮಾಲೀಕರು ಸಹಜವಾಗಿಯೇ ಎರಡನೆಯದನ್ನು ಆರಿಸುತ್ತಾರೆ.

ಪ್ರತಿಗಳು ಕೈಗೆ ಬಂದಾಗ ತೊಡಕು ಕಾಣಿಸಿಕೊಳ್ಳುತ್ತದೆ. ವರದಿಯ ಮುಖ್ಯ ನಕ್ಷೆಯಲ್ಲಿ ಪ್ರತಿ ತಿಂಗಳಿಗೂ ಮೂರು ಸ್ತಂಭಗಳಿದ್ದವು. ಮಾರಾಟಕ್ಕೆ ನೀಲಿ, ಗ್ರಾಹಕರಿಂದ ಬರಬೇಕಾದ ಬಾಕಿಗೆ ಕೆಂಪು, ಕಚ್ಚಾಮಾಲಿನ ವೆಚ್ಚಕ್ಕೆ ಹಸಿರು. ಜೆರಾಕ್ಸ್ ಪ್ರತಿಯಲ್ಲಿ ಹಸಿರು ಮಾತ್ರ ಬೇರೆಯಾಗಿ ಉಳಿದು, ನೀಲಿ ಮತ್ತು ಕೆಂಪು ಒಂದೇ ಬೂದು ಬಣ್ಣವಾಗಿವೆ. ಏರುತ್ತಿರುವುದು ಮಾರಾಟವೋ ಬಾಕಿಯೋ ಎಂಬುದನ್ನು ಓದುಗರು ಊಹಿಸಬೇಕಾಗುತ್ತದೆ. ಸಾಲದ ಅರ್ಜಿಯ ಪಾಲಿಗೆ ಈ ಎರಡಕ್ಕೂ ಅಜಗಜಾಂತರವಿದೆ.

ಕಾರಣವೇನು?

ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಬಣ್ಣಗಳು ಪ್ರಖರತೆಯಲ್ಲಿ ಸಮನಾಗಿರಬಹುದು. ಗ್ರೇಸ್ಕೇಲ್, ಅಂದರೆ ಬೂದುಛಾಯೆಗೆ ಪರಿವರ್ತಿಸುವಾಗ ಪ್ರಖರತೆಯೊಂದೇ ಉಳಿದು ವರ್ಣವು ಕಳೆದುಹೋಗುತ್ತದೆ. ಗಣಕದಲ್ಲಿ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಅಂಶಗಳ 0ಯಿಂದ 255ರವರೆಗಿನ ಮೂರು ಅಂಕಿಗಳಾಗಿ ಇರುತ್ತದೆ. ಹಸಿರು ಅಂಶವು ಕಣ್ಣಿಗೆ ಅತಿ ಪ್ರಖರವಾಗಿಯೂ ನೀಲಿಯು ಅತಿ ಮಂದವಾಗಿಯೂ ತೋರುವುದರಿಂದ, ರೂಢಿಯ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕವನ್ನು ಕೊಡಲಾಗಿದೆ. ಮೂರು ಅಂಕಿಗಳನ್ನು ಎಕ್ಸೆಲ್‌ನ A2, B2, C2 ಕೋಶಗಳಲ್ಲಿ ಬರೆದರೆ ಬೂದುಮೌಲ್ಯವು ಹೀಗೆ ದೊರೆಯುತ್ತದೆ:

```
=ROUND(0.299*A2+0.587*B2+0.114*C2,0)
```

ಇಲ್ಲಿ 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳುಪು.

ನಮ್ಮ ಉದಾಹರಣೆಯ ನಕ್ಷೆಯಲ್ಲಿರುವುದು ಎಕ್ಸೆಲ್‌ನ 2007 ಮತ್ತು 2010ರ ಆವೃತ್ತಿಗಳು ತಾವಾಗಿಯೇ ಕೊಡುತ್ತಿದ್ದ ಬಣ್ಣಗಳು. ನೀಲಿಯ ಅಂಕಿಗಳು 79, 129, 189. ಅದರ ಬೂದುಮೌಲ್ಯ 121. ಕೆಂಪಿನ ಅಂಕಿಗಳು 192, 80, 77. ಅದರ ಬೂದುಮೌಲ್ಯ 113. ಹಸಿರಿನದು 166. ನೀಲಿಗೂ ಕೆಂಪಿಗೂ ಇರುವ ಅಂತರ ಕೇವಲ 8. ಜೆರಾಕ್ಸ್ ಯಂತ್ರದ ಮಟ್ಟಿಗೆ ಅದು ಇಲ್ಲದಂತೆಯೇ ಸರಿ. ಹಳೆಯ ಕಡತವನ್ನೇ ವರ್ಷದಿಂದ ವರ್ಷಕ್ಕೆ ನಕಲು ಮಾಡಿ ಬಳಸುವ ಕಚೇರಿಗಳಲ್ಲಿ ಈ ಬಣ್ಣಗಳು ಇಂದಿಗೂ ಉಳಿದುಬಂದಿವೆ. ಹೊಸ ಆವೃತ್ತಿಯೂ ಈ ದೋಷದಿಂದ ಮುಕ್ತವಲ್ಲ. 2023ರಲ್ಲಿ ಬಂದ ಬಣ್ಣಗಳ ಪೈಕಿ ಮೊದಲನೆಯದಾದ ನೀಲಿಯ ಬೂದುಮೌಲ್ಯ 77, ಮೂರನೆಯದಾದ ಹಸಿರಿನದು 74.

ಪರಿಹಾರ: ಮೂಲದಲ್ಲಿಯೇ ತಿದ್ದುವುದು

ಪಿಡಿಎಫ್ ಮಾಡುವ ಮುನ್ನವೇ, ಎಕ್ಸೆಲ್ ಕಡತದಲ್ಲಿಯೇ ಬಣ್ಣಗಳನ್ನು ಬದಲಿಸುವುದು ಉಚಿತ. ಪಕ್ಕಪಕ್ಕದ ಸ್ತಂಭಗಳ ಬೂದುಮೌಲ್ಯಗಳ ನಡುವೆ 60ಕ್ಕೆ ಕಡಿಮೆಯಿಲ್ಲದ ಅಂತರವಿದ್ದರೆ ಸಾಮಾನ್ಯವಾಗಿ ಗೊಂದಲವಾಗದು. ಮಾರಾಟಕ್ಕೆ ಕಡುನೀಲಿ (31, 56, 100), ಬಾಕಿಗೆ ಕಿತ್ತಳೆ (237, 125, 49), ಕಚ್ಚಾಮಾಲಿಗೆ ತಿಳಿಹಳದಿ (255, 230, 153) ಬಳಸಿದರೆ ಬೂದುಮೌಲ್ಯಗಳು ಕ್ರಮವಾಗಿ 54, 150 ಮತ್ತು 229 ಆಗುತ್ತವೆ. ಪರದೆಯ ಮೇಲೆ ನಕ್ಷೆಯು ವರ್ಣಮಯವಾಗಿಯೇ ಇರುತ್ತದೆ. ಕಾಗದದ ಮೇಲೆ ಕಡು, ಮಧ್ಯಮ, ತಿಳಿ ಎಂಬ ಮೂರು ಛಾಯೆಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಸ್ತಂಭದ ಮೇಲೆ ಬಲಗುಂಡಿ ಒತ್ತಿ `Format Data Series` ತೆರೆದರೆ ಈ ಅಂಕಿಗಳನ್ನು ನಮೂದಿಸಲು ಅವಕಾಶವಿದೆ. ತಿಳಿ ಸ್ತಂಭಕ್ಕೆ ತೆಳುವಾದ ಕಪ್ಪು ಅಂಚನ್ನು ಕೊಡುವುದು ಅವಶ್ಯ. ಇಲ್ಲವಾದಲ್ಲಿ ಅದು ಕಾಗದದ ಬಿಳುಪಿನಲ್ಲಿ ಕರಗಿಹೋಗುತ್ತದೆ.

ಮೂರು-ನಾಲ್ಕಕ್ಕಿಂತ ಹೆಚ್ಚು ಛಾಯೆಗಳನ್ನು ಜೆರಾಕ್ಸ್ ಪ್ರತಿಯಲ್ಲಿ ಗುರುತಿಸುವುದು ಕಷ್ಟ. ಅಂತಹ ಸಂದರ್ಭದಲ್ಲಿ ಸ್ತಂಭಗಳಿಗೆ ಅಗಲವಾದ ಓರೆಗೆರೆಗಳ ವಿನ್ಯಾಸವನ್ನು ತುಂಬಬಹುದು. ಗೆರೆನಕ್ಷೆಯಲ್ಲಿ ಛಾಯೆಯನ್ನು ನಂಬುವುದೇ ಸಲ್ಲದು, ಏಕೆಂದರೆ ತೆಳುಗೆರೆಯ ಬೂದು ಬಣ್ಣವು ಕಣ್ಣಿಗೆ ನಿಲುಕದು. ಒಂದನ್ನು ಅಖಂಡ ಗೆರೆಯಾಗಿ, ಇನ್ನೊಂದನ್ನು ತುಂಡುಗೆರೆಯಾಗಿ ಬರೆದು, ಗೆರೆಯ ಕೊನೆಯಲ್ಲಿಯೇ ಅದರ ಹೆಸರನ್ನು ನಮೂದಿಸಬೇಕು.

ಪರಿವರ್ತನೆ ಮತ್ತು ಪರೀಕ್ಷೆ

ತಿದ್ದಿದ ಪಿಡಿಎಫ್ ಅನ್ನು ಅಂಗಡಿಗೆ ಒಯ್ಯುವ ಮುನ್ನ ಗ್ರೇಸ್ಕೇಲ್ ಮಾಡಿಕೊಳ್ಳುವುದರಿಂದ ಇನ್ನೊಂದು ಪ್ರಯೋಜನವಿದೆ. ಪುಟದ ಮೂಲೆಯಲ್ಲಿ ಸಂಸ್ಥೆಯ ಬಣ್ಣದ ಚಿಹ್ನೆಯೊಂದಿದ್ದರೂ ಬಣ್ಣದ ಯಂತ್ರವು ಇಡೀ ಪುಟವನ್ನು ಬಣ್ಣದ ಪುಟವೆಂದು ಎಣಿಸಬಹುದು. ಉಚಿತವಾಗಿ ದೊರೆಯುವ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶವನ್ನು ವಿಂಡೋಸ್ ಗಣಕದಲ್ಲಿ ಅಳವಡಿಸಿ, ಅದರ `bin` ಫೋಲ್ಡರನ್ನು `PATH`ಗೆ ಸೇರಿಸಿ, ವರದಿಯಿರುವ ಫೋಲ್ಡರಿನಲ್ಲಿ ತೆರೆದ ಆದೇಶ ಕಿಟಕಿಯಲ್ಲಿ ಈ ಒಂದು ಸಾಲನ್ನು ಕೊಟ್ಟರೆ ಸಾಕು:

```
gswin64c -o grey.pdf -sDEVICE=pdfwrite -sColorConversionStrategy=Gray -dProcessColorModel=/DeviceGray report.pdf
```

ಇಲ್ಲಿ `report.pdf` ಮೂಲ ಕಡತ, `grey.pdf` ಹೊಸ ಕಡತ. ತಂತ್ರಾಂಶದ ಲೆಕ್ಕವು ಮೇಲಿನ ಸೂತ್ರಕ್ಕಿಂತ ತುಸು ಹೆಚ್ಚುಕಡಿಮೆಯಾಗಬಹುದು. ಆದ್ದರಿಂದಲೇ ಕನಿಷ್ಠ ಅಂತರಕ್ಕಿಂತ ಹೆಚ್ಚಿನ ಅಂತರವನ್ನು ಇರಿಸಿಕೊಳ್ಳುವುದು ಕ್ಷೇಮ. ಒಮ್ಮೆ ಬೂದಾದ ಬಣ್ಣವನ್ನು ಮರಳಿ ಪಡೆಯಲಾಗದು. ಮೂಲ ಕಡತವನ್ನು ತಪ್ಪದೆ ಕಾಯ್ದಿರಿಸಬೇಕು.

ಪರದೆಯ ಮೇಲೆ ಸರಿಯಾಗಿ ಕಂಡರೆ ಸಾಲದು. ನಕ್ಷೆಯ ಪುಟವನ್ನು ಮಾತ್ರ ಮುದ್ರಿಸಿ, ಅದರ ಜೆರಾಕ್ಸ್ ತೆಗೆಸಿ, ಆ ಜೆರಾಕ್ಸ್‌ನ ಮತ್ತೊಂದು ಜೆರಾಕ್ಸ್ ತೆಗೆಸಬೇಕು. ಬ್ಯಾಂಕಿನಲ್ಲಿ ವರದಿಯು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಬಹುಮಟ್ಟಿಗೆ ಹಾಗೆಯೇ. ಪ್ರತಿ ನಕಲಿನಲ್ಲಿಯೂ ತಿಳಿಛಾಯೆ ಬಿಳುಪಿನತ್ತ, ಕಡುಛಾಯೆ ಕಪ್ಪಿನತ್ತ ಸರಿಯುತ್ತವೆ. ಯಂತ್ರವು ಕೇವಲ ಅಕ್ಷರಗಳ ವಿಧಾನದಲ್ಲಿದ್ದರೆ ಈ ಸರಿತ ಇನ್ನೂ ತೀವ್ರವಾಗುವುದರಿಂದ, ಅಕ್ಷರ ಮತ್ತು ಚಿತ್ರ ಎರಡಕ್ಕೂ ಹೊಂದುವ ವಿಧಾನದಲ್ಲಿ ತೆಗೆಯುವಂತೆ ಅಂಗಡಿಯವರಿಗೆ ಸೂಚಿಸಬೇಕು. ಎರಡನೆಯ ನಕಲಿನಲ್ಲಿಯೂ ಮೂರು ಸ್ತಂಭಗಳು ಬೇರೆಬೇರೆಯಾಗಿ ಕಂಡರೆ ಮಾತ್ರ ಉಳಿದ ಪ್ರತಿಗಳನ್ನು ತೆಗೆಸಬಹುದು.

ಬೇರೆಯವರು ಕಳುಹಿಸಿದ ಪಿಡಿಎಫ್ ಆಗಿದ್ದು ಮೂಲ ಕಡತ ದೊರೆಯದಿದ್ದರೆ ಈ ಕ್ರಮ ಸಾಗದು. ಆಗ ನಕ್ಷೆಯ ಪುಟವೊಂದನ್ನೇ ಬಣ್ಣದಲ್ಲಿ ತೆಗೆಸಿ ಉಳಿದವನ್ನು ಕಪ್ಪು-ಬಿಳುಪಿನಲ್ಲಿ ತೆಗೆಸುವುದು ಸೂಕ್ತ. ನಮ್ಮ ಉದಾಹರಣೆಯಲ್ಲಿ ಅದಕ್ಕೆ ತಗಲುವ ಒಟ್ಟು ವೆಚ್ಚ 560 ರೂಪಾಯಿ.

ಕೆಂಪು ಅಂಕಿಗಳ ಅಪಾಯ

ನಕ್ಷೆಗಿಂತಲೂ ಹೆಚ್ಚಿನ ಅಪಾಯವು ಕೋಷ್ಟಕಗಳಲ್ಲಿ ಅಡಗಿರಬಹುದು. ಋಣ ಮೊತ್ತವನ್ನು ಮೈನಸ್ ಚಿಹ್ನೆಯಿಲ್ಲದೆ ಕೇವಲ ಕೆಂಪು ಅಕ್ಷರದಲ್ಲಿ ತೋರಿಸುವ ವಿಧಾನವು ಎಕ್ಸೆಲ್‌ನಲ್ಲಿದೆ. ಹಲವರು ಅದನ್ನೇ ಆರಿಸಿರುತ್ತಾರೆ. ಬಣ್ಣದ ಪ್ರತಿಯಲ್ಲಿ ಕೆಂಪಾಗಿ ಕಾಣುವ 1,85,000 ರೂಪಾಯಿ ನಷ್ಟವು ಜೆರಾಕ್ಸ್ ಪ್ರತಿಯಲ್ಲಿ 1,85,000 ರೂಪಾಯಿ ಲಾಭವಾಗಿ ಓದಿಸಿಕೊಳ್ಳುತ್ತದೆ. ನಕ್ಷೆಯ ಗೊಂದಲವು ಕಣ್ಣಿಗೆ ಬಿದ್ದು ಪ್ರಶ್ನೆಗೆ ಎಡೆಮಾಡಿಕೊಡುತ್ತದೆ. ಈ ತಪ್ಪು ಯಾರ ಕಣ್ಣಿಗೂ ಬೀಳದು. ಆದುದರಿಂದ ಪಿಡಿಎಫ್ ಮಾಡುವ ಮುನ್ನ ಎಲ್ಲ ಋಣ ಮೊತ್ತಗಳನ್ನೂ ಆವರಣದೊಳಗೆ ಅಥವಾ ಮೈನಸ್ ಚಿಹ್ನೆಯೊಡನೆ ತೋರಿಸತಕ್ಕದ್ದು.