ಹೊಗಳಿಕೆ ಬಿಡಿ, ಪುರಾವೆ ಕೊಡಿ

ಪ್ರಶ್ನೆ: ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಸಣ್ಣ ಘಟಕ ನಮ್ಮದು. ಜರ್ಮನಿಯ ಖರೀದಿದಾರರು ವೆಬ್‌ಸೈಟಿನಲ್ಲಿ ‘ನಮ್ಮ ಬಗ್ಗೆ’ ಓದಿದ ಮೇಲೆ ಸುಮ್ಮನಾಗುತ್ತಾರೆ. ಏನು ತಿದ್ದಬೇಕು?

ಉತ್ತರ: ನಿಮ್ಮ ಮೊದಲ ಸಾಲು ಹೀಗಿದೆ: ‘ವಿಶ್ವದರ್ಜೆಯ, ನೂರಕ್ಕೆ ನೂರು ಸುರಕ್ಷಿತ ಆಟಿಕೆಗಳ ಮುಂಚೂಣಿ ತಯಾರಕರು.’ ಇದನ್ನು ಯಾರು ಬೇಕಾದರೂ ಬರೆಯಬಹುದು. ಅದಕ್ಕೇ ಯಾರೂ ನಂಬುವುದಿಲ್ಲ. ನೀವು ಪತ್ರದಲ್ಲಿ ತಿಳಿಸಿದ ವಿವರಗಳನ್ನೇ ಹೀಗೆ ಬರೆಯಿರಿ: ‘2009ರಿಂದ ಹನ್ನೊಂದು ಜನ, ಆರು ಲೇತ್‌ಗಳಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ತಿಂಗಳಿಗೆ 4,000 ಗೊಂಬೆ ಮಾಡುತ್ತೇವೆ.’ ಸಣ್ಣವರು ಅನ್ನುವುದು ಕೊರತೆಯಲ್ಲ. ಎಷ್ಟು ಮಾಲು ಕೊಡಬಲ್ಲಿರಿ ಎಂಬುದು ಅವರಿಗೆ ತಿಳಿಯಬೇಕು, ಅಷ್ಟೆ.

‘ಸುರಕ್ಷಿತ’ ಎಂಬ ಪದ ತೆಗೆದುಹಾಕಿ. ಬಣ್ಣದಿಂದ ಸೀಸದಂಥ ಲೋಹಗಳು ಎಷ್ಟು ಹೊರಬರುತ್ತವೆ ಎಂದು ನೋಡುವ ಇಎನ್ 71-3 ಪರೀಕ್ಷೆ ಮಾಡಿಸಿದ್ದೀರಿ ಎಂದು ಪತ್ರದಲ್ಲಿ ಬರೆದಿದ್ದೀರಿ. ಆ ಪ್ರಯೋಗಾಲಯದ ಹೆಸರು, ವರದಿ ಸಂಖ್ಯೆ, ದಿನಾಂಕ ಹಾಕಿ. ಆದರೆ ವರದಿ ಅನ್ವಯಿಸುವುದು ನೀವು ಕಳಿಸಿದ ಮಾದರಿಗೆ ಮಾತ್ರ. ಪರೀಕ್ಷೆಯ ನಂತರ ಸೇರಿಸಿದ್ದಾಗಿ ನೀವು ಹೇಳಿರುವ ಹಸಿರು ಬಣ್ಣವನ್ನು ಆ ವರದಿಯಡಿ ತೋರಿಸಬೇಡಿ. ‘ಸಿಇ ಸರ್ಟಿಫಿಕೇಟ್ ಪಡೆದಿದ್ದೇವೆ’ ಎಂದೂ ಬರೆಯಬೇಡಿ. ಸಿಇ ಗುರುತು ಯಾರೋ ಕೊಡುವ ಪದಕವಲ್ಲ. ಎಲ್ಲ ಅಗತ್ಯ ಪರೀಕ್ಷೆ ಮುಗಿಸಿ ತಯಾರಕರೇ ಹೊಣೆ ಹೊತ್ತು ಹಾಕುವ ಗುರುತು. ‘ಸರ್ಟಿಫಿಕೇಟ್’ ಎಂದು ಕಂಡರೆ ಬಲ್ಲ ಖರೀದಿದಾರರು ಅಲ್ಲೇ ಅನುಮಾನಿಸುತ್ತಾರೆ.

ಕೊನೆಗೆ, ಪುಟದಲ್ಲಿರುವ ಘಟಕದ ಹೆಸರು, ವಿಳಾಸಗಳನ್ನು ಜಿಎಸ್‌ಟಿ ಮತ್ತು ಆಮದು-ರಫ್ತು ಕೋಡ್ ಪತ್ರಗಳ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಪುಟದಲ್ಲೊಂದು, ಇನ್‌ವಾಯ್ಸ್‌ನಲ್ಲೊಂದು ಹೆಸರಿದ್ದರೆ ಹಣ ಕಳಿಸುವ ಕೈ ಹಿಂಜರಿಯುತ್ತದೆ.