ಸಾಗಣೆಯಲ್ಲಿ ಜಖಂ ಆದ ಮಾವಿಗೆ ವಿಮೆಯ ಹಣವನ್ನು ಕೇಳುವ ಇ-ಮೇಲ್

ಶ್ರೀನಿವಾಸಪುರ ತಾಲ್ಲೂಕು ಗೌನಿಪಲ್ಲಿಯ ಸುತ್ತಣ ತೋಪುಗಳ ಬಾದಾಮಿ, ತೋತಾಪುರಿ ಮೊದಲಾದ ಮಾವು ಲಾರಿಗಳಲ್ಲಿ ದೂರದ ಮಂಡಿಗಳಿಗೆ ಹೋಗುವುದು ವಾಚಕರಿಗೆ ತಿಳಿದ ವಿಷಯವೇ. ದಾರಿಯಲ್ಲಿ ಅಪಘಾತವಾದರೆ ಲಾರಿಯ ವಿಮೆಯೇ ಹಣ್ಣಿಗೂ ಸಲ್ಲುವುದೆಂದು ಹಲವರು ನಂಬಿರುವರು. ಅದು ಸರಿಯಲ್ಲ. ವಾಹನದ ವಿಮೆಯು ಅದರೊಳಗಣ ಸರಕಿಗೆ ಅನ್ವಯಿಸದು; ಸರಕಿಗೆ ಪ್ರತ್ಯೇಕವಾಗಿ ಸಾಗಣೆ ವಿಮೆಯನ್ನು ಮಾಡಿಸಿರತಕ್ಕದ್ದು.

ಈ ವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ಬಗೆಯ ಷರತ್ತುಗಳುಂಟು. ಎ ಎಂಬುದು ಬಹು ವಿಸ್ತಾರವಾದುದು. ಬಿ ಎಂಬುದು ಬೆಂಕಿ, ಸಿಡಿಲು, ಡಿಕ್ಕಿ, ಲಾರಿ ಮಗುಚುವುದು, ಸೇತುವೆ ಕುಸಿಯುವುದು ಇಂಥವಕ್ಕೆ ಮಾತ್ರ ಸಲ್ಲುವುದು. ಸಿ ಎಂಬುದು ಇನ್ನೂ ಸಂಕುಚಿತವಾದುದು. ಯಾವುದಾದರೂ ಸರಿಯೆ, ಪ್ರಯಾಣ ತಡವಾದುದರಿಂದಾಗಲಿ ತನ್ನ ಸ್ವಭಾವದಿಂದಾಗಲಿ ಹಣ್ಣು ಕೊಳೆತರೆ ಸಾಮಾನ್ಯವಾಗಿ ಹಣ ಬಾರದು. ಆದುದರಿಂದ ಇ-ಮೇಲಿನಲ್ಲಿ ಮೊದಲು ತೋರಿಸಬೇಕಾದುದು ನಷ್ಟದ ಮೊಬಲಗಲ್ಲ, ನಷ್ಟದ ಕಾರಣ.

ಒಂದು ನಿದರ್ಶನವನ್ನು ಊಹಿಸೋಣ. ಗೌನಿಪಲ್ಲಿಯ ಜಮೀನುದಾರರೊಬ್ಬರು 400 ಕ್ರೇಟು ಬಾದಾಮಿಯನ್ನು ದೆಹಲಿಯ ಆಜಾದ್‌ಪುರ ಮಂಡಿಗೆ ಕಳುಹಿಸಿದರು. ಬಾಡಿಗೆಯೂ ಸೇರಿ ವಿಮೆಯ ಮೊಬಲಗು 4,80,000 ರೂಪಾಯಿ, ಅಂದರೆ ಕ್ರೇಟೊಂದಕ್ಕೆ 1,200. ಷರತ್ತು ಬಿ. ದಾರಿಯಲ್ಲಿ ಲಾರಿಗೆ ಮತ್ತೊಂದು ವಾಹನವು ಹಿಂದಿನಿಂದ ಡಿಕ್ಕಿ ಹೊಡೆಯಿತು. ಮಂಡಿಯಲ್ಲಿ ನೋಡಿದಾಗ ಹಿಂಭಾಗದ 120 ಕ್ರೇಟುಗಳು ಜಜ್ಜಿದ್ದುವು. ಮುಂಭಾಗದ 40 ಕ್ರೇಟುಗಳಲ್ಲಿ ಹಣ್ಣು ತೊಟ್ಟಿನ ಬಳಿಯಿಂದ ಕಪ್ಪಾಗಿ ಕೊಳೆಯುತ್ತಿತ್ತು. ಈ ನಲವತ್ತನ್ನು ಕ್ಲೈಮಿಗೆ ಸೇರಿಸಬಾರದು. ಪೆಟ್ಟಿನ ಹಣ್ಣಿನ ಸಿಪ್ಪೆ ಒಡೆದು ರಸ ಸೋರಿರುವುದು, ಕ್ರೇಟೂ ಮುರಿದಿರುವುದು. ತೊಟ್ಟಿನ ಕೊಳೆತವು ರೋಗದ ಗುರುತು. ಎರಡನ್ನೂ ಬೆರಸಿ ಬರೆದರೆ ನ್ಯಾಯವಾದ ಭಾಗಕ್ಕೂ ಸಂಶಯ ತಗಲುವುದು.

ಹಣ್ಣನ್ನು ಇಳಿಸುವ ಮೊದಲೇ ಲಾರಿಯೊಳಗಿನ ಚಿತ್ರಗಳನ್ನು ತೆಗೆಯಿಸಿ, ಲಾರಿ ರಶೀತಿಯ ಮೇಲೆ “120 ಕ್ರೇಟು ಜಖಂ” ಎಂದು ಬರೆದು ಚಾಲಕನ ರುಜು ಪಡೆಯತಕ್ಕದ್ದು. “ಸರಿಯಾಗಿ ತಲುಪಿದೆ” ಎಂದು ರುಜು ಹಾಕಿಕೊಟ್ಟ ರಶೀತಿಯು ಬಲವಾದ ಪ್ರತಿಸಾಕ್ಷಿಯಾಗುವುದು. ಅನಂತರ ವಿಮಾ ಸರ್ವೇಯರನ್ನು ಕೇಳಬೇಕು (ಇವರು ಜಮೀನಿನ ಸರ್ವೇಯರಲ್ಲ, ನಷ್ಟವನ್ನು ಅಳೆಯುವವರು). ಅವರು ನೋಡುವ ಮೊದಲು ಹಣ್ಣನ್ನು ಮಾರಿದರೆ ತಕರಾರು ಹುಟ್ಟುವುದು. ಬಹಳ ಕಾದರೆ ಹಣ್ಣು ಉಳಿಯದು. ಆದುದರಿಂದ ಎಷ್ಟು ಗಂಟೆಯೊಳಗೆ ಮಾರಲೇಬೇಕೆಂಬುದನ್ನು ಇ-ಮೇಲಿನಲ್ಲಿಯೇ ಬರೆದು ಒಪ್ಪಿಗೆ ಕೇಳುವುದು ವಿವೇಕ.

ಲೆಕ್ಕದಲ್ಲಿ ಅನೇಕರು ತಪ್ಪುವರು. 120 ಕ್ರೇಟಿಗೂ ಪೂರ್ತಿ 1,44,000 ಕೇಳುವುದು ಸಲ್ಲದು, ಜಜ್ಜಿದ ಹಣ್ಣಿಗೂ ಬೆಲೆಯುಂಟಷ್ಟೆ. 1963ರ ಸಾಗರ ವಿಮಾ ಕಾಯಿದೆಯ ರೀತಿಯು ಹೀಗೆ: ಅಂದಿನ ಮಂಡಿಯಲ್ಲಿ ಒಳ್ಳೆಯ ಕ್ರೇಟು 1,500ಕ್ಕೂ ಜಖಂ ಕ್ರೇಟು 500ಕ್ಕೂ ಹೋದರೆ ಮೂರರಲ್ಲಿ ಎರಡು ಪಾಲು ಬೆಲೆ ಇಳಿದಂತಾಯಿತು. 1,44,000ದ ಮೂರರಲ್ಲಿ ಎರಡು ಪಾಲು, ಎಂದರೆ 96,000 ರೂಪಾಯಿ. ಮಂಡಿಯ ಬೆಲೆಯ ಅಂತರವನ್ನೇ ಹಿಡಿದು 1,20,000 ಕೇಳಿದರೂ ತಪ್ಪೇ. ವಿಮೆಯಾದುದು ಆ ಬೆಲೆಗಲ್ಲ. ಪಾಲಿಸಿಯಲ್ಲಿ ಮಾಲೀಕನೇ ಹೊರತಕ್ಕ ಭಾಗವೇನಾದರೂ ಇದ್ದರೆ ಅದು ಇದರಲ್ಲಿ ಕಳೆಯುವುದು.

ಬೆಲೆ ಗೊತ್ತಾಗುವತನಕ ಕಾಯದೆ, ಜಖಂ ಕಂಡ ದಿನವೇ ಮೊದಲ ಇ-ಮೇಲನ್ನು ಕಳುಹಿಸುವುದು. ವಿಷಯದ ಸಾಲು: “ಸರಕು ಜಖಂ ಸೂಚನೆ, ಪಾಲಿಸಿ ಸಂಖ್ಯೆ ……, ಲಾರಿ ರಶೀತಿ ಸಂಖ್ಯೆ ……”. ಒಕ್ಕಣೆ:

“ಮಾನ್ಯರೆ, ಮೇಲ್ಕಂಡ ಪಾಲಿಸಿಯಲ್ಲಿ (ಷರತ್ತು ಬಿ, ಮೊಬಲಗು 4,80,000 ರೂ.) ಮೇ 18ರಂದು ಗೌನಿಪಲ್ಲಿಯಿಂದ ಆಜಾದ್‌ಪುರಕ್ಕೆ ಕಳುಹಿಸಿದ 400 ಕ್ರೇಟು ಮಾವಿನಲ್ಲಿ 120 ಕ್ರೇಟುಗಳು ಮೇ 20ರಂದು ದಾರಿಯಲ್ಲಿ ಆದ ಡಿಕ್ಕಿಯಿಂದ ಜಖಂ ಆಗಿವೆ. ರೋಗದಿಂದ ಕೊಳೆತ 40 ಕ್ರೇಟುಗಳನ್ನು ಬೇರೆ ಇರಿಸಿದೆ; ಅವುಗಳಿಗೆ ಕೇಳಿಕೆಯಿಲ್ಲ. ಅಂದಾಜು ನಷ್ಟ 96,000 ರೂ.; ಮಾರಾಟವಾದ ಮೇಲೆ ನಿಶ್ಚಿತ ಲೆಕ್ಕವನ್ನು ಕಳುಹಿಸುವೆನು. ಹಣ್ಣು 24 ಗಂಟೆಗಿಂತ ಹೆಚ್ಚು ನಿಲ್ಲದು. ಅಷ್ಟರೊಳಗೆ ಸರ್ವೇಯರನ್ನು ಕಳುಹಿಸಬೇಕು, ಇಲ್ಲವೆ ಚಿತ್ರಗಳ ಮೇಲೆ ಮಾರಾಟಕ್ಕೆ ಒಪ್ಪಿಗೆ ಕೊಡಬೇಕು. ಲಗತ್ತು: ಪಾಲಿಸಿ, ಸರಕಿನ ಬಿಲ್ಲು, ಷರಾ ಸಹಿತ ಲಾರಿ ರಶೀತಿ, ಪೊಲೀಸು ದೂರಿನ ಪ್ರತಿ, ಚಿತ್ರಗಳು.”

ಮಂಡಿಯ ಮಾರಾಟದ ಪಟ್ಟಿಯನ್ನು ಎರಡನೆಯ ಇ-ಮೇಲಿನಲ್ಲಿ ಕಳುಹಿಸುವಾಗ ಒಳ್ಳೆಯ ಹಣ್ಣು, ಜಖಂ ಹಣ್ಣು ಇವುಗಳಿಗೆ ಬೇರೆ ಬೇರೆ ಸಾಲು ಇರಬೇಕೆಂದು ದಲ್ಲಾಳಿಗೆ ಮೊದಲೇ ಹೇಳಿರಬೇಕು. ಎರಡನ್ನೂ ಒಟ್ಟಿಗೆ ಬರೆದರೆ ಮೇಲಿನ ಲೆಕ್ಕಕ್ಕೆ ಆಧಾರವೇ ಇಲ್ಲದಾಗುವುದು.

ಇನ್ನೊಂದು ಕಾಗದವುಂಟು. ಲಾರಿ ಸಾಗಣೆದಾರರಿಗೂ ಬರವಣಿಗೆಯಲ್ಲಿ ನೋಟೀಸು ಕೊಡಬೇಕು. 2007ರ ರಸ್ತೆ ಸಾಗಣೆ ಕಾಯಿದೆಯಂತೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ನೋಟೀಸು ಸೇರದಿದ್ದರೆ ಅವರ ಮೇಲೆ ದಾವೆ ನಡೆಯದು. ಹಣ ಕೊಟ್ಟ ವಿಮಾ ಕಂಪೆನಿಯು ಸಾಗಣೆದಾರರಿಂದ ವಸೂಲು ಮಾಡುವ ಹಕ್ಕು ಇದರಿಂದ ಕೆಡುವುದಾದುದರಿಂದ ಕ್ಲೈಮಿಗೇ ಅಡ್ಡಿ ಬಂದೀತು. ನೋಟೀಸನ್ನು ಅದೇ ವಾರ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅದರ ರಶೀತಿಯ ಚಿತ್ರವನ್ನು ಎರಡನೆಯ ಇ-ಮೇಲಿಗೆ ಲಗತ್ತಿಸುವುದು.